ಮೂರು ಅಸೆಟ್‌ಗಳ ಮಿನಿಮಮ್ ವೇರಿಯನ್ಸ್ ವೇಟ್

ಪ್ರಶ್ನೆ: ನನ್ನತ್ರ 3 ಅಸೆಟ್‌ಗಳ ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಇದೆ, ವೇರಿಯನ್ಸ್ ಅತಿ ಕಮ್ಮಿ ಆಗೋ ವೇಟ್ ಕಂಡುಹಿಡಿಯೋದು ಹೇಗೆ?

ಉತ್ತರ: Σ ಅಂದ್ರೆ ನಿಮ್ಮ ಕೋವೇರಿಯನ್ಸ್ ಮ್ಯಾಟ್ರಿಕ್ಸ್, `Σx = 1` ಅನ್ನೋ ಮೂರು ಸಮೀಕರಣ ಬಿಡಿಸಿ, ಬಲಗಡೆ ಮೂರೂ 1, ಬಂದ x ಗಳನ್ನ ಅವುಗಳ ಮೊತ್ತದಿಂದ ಭಾಗಿಸಿದ್ರೆ ಮುಗೀತು, ಇನ್ವರ್ಸ್ ತೆಗೆಯೋ ತಲೆನೋವೇ ಬೇಡ.

ಲೆಕ್ಕಕ್ಕೆ ಅಂತ ನಾನೇ ಹಾಕಿದ ಅಂಕಿ ಇವು, ಚಿನ್ನ, ಇಂಡೆಕ್ಸ್ ಫಂಡ್, ಬ್ಯಾಂಕ್ ಷೇರು ಅಂದ್ಕೊಳ್ಳಿ:

```
8   0   0
0  16  20
0  20  30
```

ಚಿನ್ನಕ್ಕೆ ಬೇರೆ ಎರಡರ ಜೊತೆ ಸಂಬಂಧವೇ ಇಲ್ಲ, ಹಾಗಾಗಿ ಅದರ x ಸೀದಾ 1/8 = 0.125. ಉಳಿದೆರಡು ಸಮೀಕರಣ ಬಿಡಿಸಿದ್ರೆ 0.125 ಮತ್ತು −0.05 ಬರುತ್ತೆ. ಮೊತ್ತ 0.2, ಅಂದ್ರೆ ವೇಟ್ 62.5%, 62.5%, −25%. ವೇರಿಯನ್ಸ್ 1/0.2 = 5.

ಸರಿ ಇದೆಯಾ ಅಂತ ನೋಡೋಕೆ ಪ್ರತಿ ಸಾಲನ್ನ ವೇಟ್‌ಗಳಿಂದ ಗುಣಿಸಿ ಕೂಡಿ, ಮೂರರಲ್ಲೂ ಅದೇ 5 ಬರಬೇಕು. ಒಂದು ಸಾಲಲ್ಲಿ ಕಮ್ಮಿ ಬಂದ್ರೆ ಆ ಅಸೆಟ್ ಇನ್ನೊಂಚೂರು ಜಾಸ್ತಿ ತಗೊಂಡು ರಿಸ್ಕ್ ಇಳಿಸ್ಬಹುದಿತ್ತು ಅಂತ ಅರ್ಥ, ಅಂದ್ರೆ ಎಲ್ಲೋ ಲೆಕ್ಕ ತಪ್ಪಿದೆ.

ಮೈನಸ್ ನೋಡಿ ಗಾಬರಿ ಬೇಡ, ಇಂಡೆಕ್ಸ್-ಬ್ಯಾಂಕ್ ಕೋವೇರಿಯನ್ಸ್ 20, ಇಂಡೆಕ್ಸ್‌ನ ಸ್ವಂತ ವೇರಿಯನ್ಸ್ 16ಕ್ಕಿಂತ ಜಾಸ್ತಿ, ಅದಕ್ಕೇ ಬ್ಯಾಂಕ್ ಷೇರನ್ನ ಶಾರ್ಟ್ ಮಾಡು ಅಂತಿದೆ. ಶಾರ್ಟ್ ಮಾಡಲ್ಲ ಅಂದ್ರೆ ಅದನ್ನ ತೆಗೆದು ಉಳಿದೆರಡಕ್ಕೆ ಮತ್ತೆ ಲೆಕ್ಕ ಹಾಕಿ: 2/3, 1/3, ವೇರಿಯನ್ಸ್ 5.33. ಸುಮ್ನೆ −25% ನ ಸೊನ್ನೆ ಮಾಡಿ ಉಳಿದಿದ್ದನ್ನ 50-50 ಮಾಡಿದ್ರೆ 6 ಆಗುತ್ತೆ, ತುಂಬಾ ಜನ ಇಲ್ಲೇ ಎಡವೋದು.