ಒಂದೇ ಸರಪಳಿಯಲ್ಲಿ ನೇರಳೆಯೂ ಗುಲಾಬಿಯೂ: ಮೊಸರಿನ ಸ್ಲೈಡ್ ಹೇಳುವುದೇನು?

ಪ್ರಶ್ನೆ: ನಾನು ಕಾಸರಗೋಡಿನಲ್ಲಿ ಮೈಕ್ರೋಬಯಾಲಜಿ ಓದುತ್ತಿದ್ದೇನೆ, ಮನೆ ಬದಿಯಡ್ಕದ ಹತ್ತಿರ. ಮಜ್ಜಿಗೆಹುಳಿಗೆಂದು ಮೂರು ದಿನ ಹೊರಗೇ ಇಟ್ಟಿದ್ದ ಮೊಸರನ್ನು ಲ್ಯಾಬಿಗೆ ತಂದು ಗ್ರಾಂ ಸ್ಟೇನ್ ಮಾಡಿದೆ. ಮೊಸರಿನ ಬ್ಯಾಕ್ಟೀರಿಯಾ ನೇರಳೆ ಬರಬೇಕು ಎಂದು ಪುಸ್ತಕದಲ್ಲಿದೆ. ನನಗೆ ಉದ್ದ ಕಡ್ಡಿಗಳಲ್ಲಿ ಕೆಲವು ನೇರಳೆ, ಕೆಲವು ಗುಲಾಬಿ ಕಂಡವು. ಕಲಬೆರಕೆ ಆಗಿರಬೇಕು ಎನ್ನುತ್ತಾರೆ ಗೆಳತಿಯರು. ಹೌದೇ?

ಉತ್ತರ: ಕಲಬೆರಕೆ ಎನ್ನುವ ಮೊದಲು ಆ ಸ್ಲೈಡನ್ನೇ ಇನ್ನೊಮ್ಮೆ ನೋಡಿ. ಕಡ್ಡಿಗಳು ತುದಿಗೆ ತುದಿ ಅಂಟಿಕೊಂಡು ಸರಪಳಿಯಾಗಿ ನಿಂತಿರುವ ಜಾಗ ಹುಡುಕಿ. ಒಂದೇ ಸರಪಳಿಯಲ್ಲಿ ಎರಡು ಕಡ್ಡಿ ನೇರಳೆ, ಮೂರನೆಯದು ಗುಲಾಬಿ, ಮತ್ತೊಂದು ಅರ್ಧ ಹಾಗೆ ಅರ್ಧ ಹೀಗೆ ಇದ್ದು, ದಪ್ಪವೂ ಒಂದೇ ಆಗಿದ್ದರೆ ಅವು ಬೇರೆ ಬೇರೆ ಜಾತಿಯವಲ್ಲ. ಒಂದೇ ಲ್ಯಾಕ್ಟೋಬ್ಯಾಸಿಲಸ್ಸಿನ ಸಂತಾನ. ಹೊರಗಿನಿಂದ ಬಂದ ಬ್ಯಾಕ್ಟೀರಿಯಾ ಆಗಿದ್ದರೆ ಸಾಮಾನ್ಯವಾಗಿ ಗಾತ್ರವೋ ಜೋಡಣೆಯೋ ಬೇರೆಯಿದ್ದು, ಪ್ರತ್ಯೇಕವಾಗಿ ಕಾಣುತ್ತದೆ.

ಹಾಗಾದರೆ ಬಣ್ಣ ಬೇರೆ ಏಕೆ? ಕ್ರಿಸ್ಟಲ್ ವಯಲೆಟ್ ಹಾಕಿದಾಗ ಎಲ್ಲ ಕೋಶಗಳೂ ನೇರಳೆಯೇ. ಅಯೋಡಿನ್ ಒಳಗೆ ಹೋಗಿ ಆ ಬಣ್ಣದ ಜೊತೆ ಸೇರಿ ದೊಡ್ಡ ಕಣಗಳಾಗುತ್ತದೆ. ತೀರ್ಪಾಗುವುದು ಆಲ್ಕೊಹಾಲ್ ಸುರಿದಾಗ. ಪೆಪ್ಟಿಡೋಗ್ಲೈಕಾನಿನ ದಪ್ಪ ಗೋಡೆ ಇದ್ದರೆ ಅದು ನೀರು ಕಳೆದುಕೊಂಡು ಬಿಗಿಯಾಗಿ ಬಣ್ಣವನ್ನು ಒಳಗೇ ಹಿಡಿದಿಡುತ್ತದೆ. ಗೋಡೆ ತೆಳುವಾಗಿದ್ದರೆ ಹೊರಪೊರೆಯ ಕೊಬ್ಬು ಕರಗಿ ಬಣ್ಣ ಸೋರಿಹೋಗುತ್ತದೆ. ಆಮೇಲೆ ಹಾಕುವ ಸಾಫ್ರನಿನ್ ಎರಡಕ್ಕೂ ಹತ್ತುತ್ತದೆ, ಆದರೆ ಖಾಲಿಯಾದವುಗಳಲ್ಲಿ ಮಾತ್ರ ಎದ್ದು ಕಾಣುತ್ತದೆ. ಅಂದರೆ ಈ ಪರೀಕ್ಷೆ ಕೇಳುವುದು ಜಾತಿ ಯಾವುದು ಎಂದಲ್ಲ, ಗೋಡೆ ಗಟ್ಟಿ ಇದೆಯೇ ಎಂದು. (1884ರಲ್ಲಿ ಇದನ್ನು ಪ್ರಕಟಿಸಿದ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಅವರ ವಿಧಾನದಲ್ಲಿ ಸಾಫ್ರನಿನ್ ಇರಲೇ ಇಲ್ಲ. ಗುಲಾಬಿ ಬಂದದ್ದು ಆಮೇಲೆ.)

ನಮ್ಮ ಕರಾವಳಿಯ ಸೆಕೆಗೆ ಮೂರು ದಿನ ಹೊರಗಿಟ್ಟ ಮೊಸರಿನ ಸ್ಥಿತಿ ನಿಮಗೆ ಗೊತ್ತೇ ಇದೆ. ಅಡುಗೆಗೆ ಆ ಹುಳಿ ಬೇಕು, ಸ್ಟೇನಿಂಗಿಗೆ ಬೇಡ. ತಾವೇ ಮಾಡಿದ ಆಮ್ಲದಲ್ಲಿ ಎಷ್ಟೋ ಕೋಶಗಳು ಸತ್ತಿರುತ್ತವೆ. ಸತ್ತ ಕೋಶದ ಗೋಡೆಯನ್ನು ಅದರದೇ ಕಿಣ್ವಗಳು ಅಲ್ಲಲ್ಲಿ ಒಡೆದಿರುತ್ತವೆ. ಒಡೆದ ಗೋಡೆ ದಪ್ಪವಿದ್ದರೂ ಬಣ್ಣ ನಿಲ್ಲುವುದಿಲ್ಲ.

ಆದರೆ ವಯಸ್ಸೊಂದನ್ನೇ ದೂರುವಂತಿಲ್ಲ, ನಿಮ್ಮ ಆಲ್ಕೊಹಾಲ್ ಹಂತವನ್ನೂ ನೋಡಬೇಕು. ತೆಳುವಾದ ಸ್ಮಿಯರಿಗೆ 95% ಎಥನಾಲ್ ಹತ್ತರಿಂದ ಇಪ್ಪತ್ತು ಸೆಕೆಂಡು ಸಾಕು. ಅಸಿಟೋನ್ ಬೆರೆಸಿದ್ದಾದರೆ ಎರಡು ಮೂರು ಸೆಕೆಂಡಿನಲ್ಲೇ ಮುಗಿಯುತ್ತದೆ. ಗಡಿಯಾರಕ್ಕಿಂತ ಸ್ಲೈಡಿನ ಅಂಚನ್ನು ನಂಬಿ: ಇಳಿಯುವ ಹನಿಯಲ್ಲಿ ನೇರಳೆ ನಿಂತ ಕೂಡಲೇ ನೀರು ಬಿಡಿ. ಮೊಸರನ್ನು ಹಾಗೇ ಬಳಿದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ದಪ್ಪಗಿರುವಲ್ಲಿ ಬಿಡಬೇಕಾದ ಬಣ್ಣವೂ ಉಳಿಯುತ್ತದೆ, ತೆಳು ಅಂಚಿನಲ್ಲಿ ಉಳಿಯಬೇಕಾದದ್ದೂ ಹೋಗುತ್ತದೆ. ಮೊಸರಿನ ನೀರನ್ನು ಒಂದು ಲೂಪ್ ತೆಗೆದು, ಒಂದು ಹನಿ ನೀರಿನಲ್ಲಿ ಕದಡಿ ಹರಡಿ. ಹಾಲಿನ ಪ್ರೋಟೀನು ಹಿಂದೆ ಗುಲಾಬಿ ಮೋಡದಂತೆ ಕಂಡರೆ ಅದನ್ನು ಬ್ಯಾಕ್ಟೀರಿಯಾ ಎಂದು ಓದಬೇಡಿ.

ಎರಡರಲ್ಲಿ ಕಾರಣ ಯಾವುದೆಂದು ಹೀಗೆ ಪತ್ತೆಮಾಡಿ. ರಾತ್ರಿ ಹೆಪ್ಪು ಹಾಕಿ ಬೆಳಗ್ಗೆ ಸಿಕ್ಕ ಮೊಸರನ್ನೂ ಆ ಹಳೆಯದನ್ನೂ ತನ್ನಿ. ಒಂದೇ ಸ್ಲೈಡಿನಲ್ಲಿ ಇವೆರಡರ ಜೊತೆಗೆ ಲ್ಯಾಬಿನ ಸ್ಟೆಫೈಲೋಕಾಕಸ್ ಮತ್ತು ಈ. ಕೋಲೈ ಕಲ್ಚರನ್ನು ಪ್ರತ್ಯೇಕವಾಗಿ ಬಳಿಯಿರಿ. ಅವೂ ನಿನ್ನೆ ಬೆಳೆಸಿದವೇ ಆಗಿರಲಿ. ನಾಲ್ಕಕ್ಕೂ ಒಟ್ಟಿಗೇ ಬಣ್ಣ ಹಾಕಿ, ಮೊದಲು ಲ್ಯಾಬಿನ ಎರಡನ್ನೇ ನೋಡಿ. ಸ್ಟೆಫೈಲೋಕಾಕಸ್ ಗುಲಾಬಿಯಾಗಿದ್ದರೆ ಆಲ್ಕೊಹಾಲ್ ಹೆಚ್ಚಾಗಿದೆ, ಈ. ಕೋಲೈ ನೇರಳೆಯಾಗಿದ್ದರೆ ಕಡಿಮೆಯಾಗಿದೆ. ಎರಡೂ ಸಂದರ್ಭದಲ್ಲಿ ಮೊಸರನ್ನು ನೋಡುವುದೇ ಬೇಡ, ಸ್ಲೈಡ್ ಬಿಸಾಡಿ. ಅವೆರಡೂ ಸರಿಯಿದ್ದು, ಹೊಸ ಮೊಸರು ಪೂರಾ ನೇರಳೆ, ಹಳೆಯದು ಮಿಶ್ರ ಬಂದರೆ ಕಾರಣ ವಯಸ್ಸು.

ನೋಡುವಾಗ ನೂರರ ಲೆನ್ಸಿಗೆ ಎಣ್ಣೆ ಹಾಕಿ, ಕಂಡೆನ್ಸರನ್ನು ಮೇಲೆತ್ತಿ, ಡಯಾಫ್ರಾಮ್ ತೆರೆಯಿರಿ. ಬೆಳಕು ಕಡಿಮೆಯಾದರೆ ಗಾಢ ಗುಲಾಬಿಯೂ ನೇರಳೆಯಂತೆ ಕಾಣುತ್ತದೆ. ಕಡ್ಡಿಗಳಿಗಿಂತ ಎಷ್ಟೋ ದೊಡ್ಡದಾದ ನೇರಳೆ ಮೊಟ್ಟೆಗಳು, ಕೆಲವಕ್ಕೆ ಮೊಗ್ಗು, ಹೀಗೇನಾದರೂ ಕಂಡರೆ ಅದು ಯೀಸ್ಟ್. ಹುಳಿ ಮೊಸರಿನಲ್ಲಿ ಅದು ಅಪರೂಪವಲ್ಲ.

ಹೊಸ ಮೊಸರಿನಲ್ಲೂ ಬೇರೆ ಆಕಾರದ ಗುಲಾಬಿ ಕಡ್ಡಿ ಬಂದರೆ ಮಾತ್ರ ಗೆಳತಿಯರ ಮಾತಿಗೆ ಬೆಲೆ. ಆಗ ಅದನ್ನು ಪ್ಲೇಟಿನಲ್ಲಿ ಬೇರ್ಪಡಿಸಿ, ಒಂದು ಕಾಲನಿಯನ್ನು 3% ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಹನಿಯಲ್ಲಿ ಕದಡಿ ಲೂಪನ್ನು ಮೆಲ್ಲಗೆ ಎತ್ತಿ. ತೆಳು ಗೋಡೆಯ ಕೋಶಗಳು ಒಡೆದು ಡಿಎನ್‌ಎ ಹೊರಬಂದು ಲೋಳೆಯ ಎಳೆ ಮೇಲೇಳುತ್ತದೆ. ಎಳೆ ಬಂದರೆ ಗ್ರಾಂ ನೆಗೆಟಿವ್ ಎಂದು ರೆಕಾರ್ಡಿನಲ್ಲಿ ಬರೆಯಬಹುದು. ಈಗಿನ ಸ್ಲೈಡಿಗೆ ‘ಗ್ರಾಂ ಪಾಸಿಟಿವ್ ಕಡ್ಡಿಗಳು, ಹಳೆಯ ಮಾದರಿ, ಬಣ್ಣ ಅಸಮ’ ಎಂದಷ್ಟೇ ಬರೆದು, ಪಕ್ಕದಲ್ಲಿ ಮೊಸರಿನ ವಯಸ್ಸನ್ನೂ ನಮೂದಿಸಿ.