ಕರ್ಚೀಫಿನ ಮೂರು ಗಂಟು

ಪ್ರಶ್ನೆ: ಮಗಳಿಗೆ ಐದು ವರ್ಷ. ಜೂನ್‌ನಲ್ಲಿ ಯುಕೆಜಿಗೆ ಹೋಗಬೇಕು. ಸ್ಕೂಲ್ ಅಂದ್ರೆ ಸಾಕು, ಅಳೋಕೆ ಶುರು ಮಾಡ್ತಾಳೆ. ಮೊದಲ ದಿನದ ಬಗ್ಗೆ ಮಲಗುವಾಗ ಹೇಳೋಕೆ ಒಂದು ಕಥೆ ಇದ್ರೆ ಹೇಳ್ತೀರಾ?

ನಾನು ಸರ್ಕಾರಿ ಶಾಲೆಯಲ್ಲಿ ಯುಕೆಜಿ ಮಕ್ಕಳಿಗೆ ಕಲಿಸುತ್ತೇನೆ. ಮೊದಲ ವಾರ ನಮ್ಮ ಕೋಣೆಯಲ್ಲಿ ಕೇಳಿಸುವ ಪ್ರಶ್ನೆ ಒಂದೇ: "ಮಿಸ್, ಅಮ್ಮ ಯಾವಾಗ ಬರ್ತಾಳೆ?" ಬೇಗ ಬರ್ತಾರೆ ಅಂದರೆ ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಈ ವಯಸ್ಸಿಗೆ ಗಡಿಯಾರ ತಿಳಿಯುವುದಿಲ್ಲ. ಆದರೆ ಹಾಲು ಆದ ಮೇಲೆ ಆಟ, ಆಟ ಆದ ಮೇಲೆ ಊಟ ಅಂದರೆ ಚೆನ್ನಾಗಿ ತಿಳಿಯುತ್ತದೆ. ಅದನ್ನೇ ಇಟ್ಟುಕೊಂಡು ನಾನು ಹೇಳುವ ಕಥೆ ಇದು.

ಗೌರಿಗೆ ಹೊಸ ಬ್ಯಾಗು, ಹೊಸ ಚಪ್ಪಲಿ. ಆದರೆ ಶಾಲೆಯ ಗೇಟು ಬಂದ ಕೂಡಲೇ ಕಾಲು ಮುಂದಕ್ಕೆ ಹೋಗಲೇ ಇಲ್ಲ. ಹೊಟ್ಟೆಯಲ್ಲಿ ಏನೋ ಗುಳುಗುಳು.

"ಅಮ್ಮಾ, ನಂಗೆ ಭಯ ಆಗ್ತಿದೆ."

"ಹೂಂ ಪುಟ್ಟಿ, ಹೊಸ ಜಾಗ ಅಲ್ವಾ, ಆಗುತ್ತೆ" ಅಂದಳು ಅಮ್ಮ. ಗೌರಿಯ ಫ್ರಾಕಿಗೆ ಪಿನ್ನು ಹಾಕಿದ್ದ ಕರ್ಚೀಫನ್ನು ಬಿಡಿಸಿ ಹಿಡಿದಳು. ಕರ್ಚೀಫಿಗೆ ಎಷ್ಟು ಮೂಲೆ? ನಾಲ್ಕು. ಒಂದು ಮೂಲೆ ಪಿನ್ನಿಗೆ ಹೋಯಿತು. ಉಳಿದ ಮೂರಕ್ಕೂ ಅಮ್ಮ ಒಂದೊಂದು ಗಂಟು ಹಾಕಿದಳು.

"ಇದು ಹಾಲಿನ ಗಂಟು. ಇದು ಆಟದ ಗಂಟು. ಇದು ಊಟದ ಗಂಟು. ಒಂದೊಂದೇ ಬಿಚ್ಚುತ್ತಾ ಬಾ. ಊಟದ ಗಂಟು ಆದ ಮೇಲೆ ಗೇಟಿನ ಹತ್ತಿರ ನೋಡು, ನಾನು ಬಂದಿರ್ತೀನಿ."

ಅಮ್ಮ ಟಾಟಾ ಮಾಡಿ ಹೋದಳು. ಗೌರಿ ಜೋರಾಗಿ ಅತ್ತಳು. ಮಿಸ್ ಬೈಯಲಿಲ್ಲ. ಪಕ್ಕದಲ್ಲಿ ಕೂತು ಕಣ್ಣು ಒರೆಸಿದರು.

ಅಷ್ಟರಲ್ಲಿ ಬಿಸಿಬಿಸಿ ಹಾಲು ಬಂತು. ಗೌರಿ ಸುರ್ ಅಂತ ಕುಡಿದಳು. ಮೂಗಿನ ಕೆಳಗೆ ಬಿಳಿ ಮೀಸೆ ಬಂತು! ಹಾಲಿನ ಗಂಟು ಬಿಚ್ಚಿದಳು. ಇನ್ನು ಎರಡೇ ಗಂಟು.

ಆಮೇಲೆ ಆಟ. ಮರಳಿನ ಹತ್ತಿರ ಹನುಮ ಒಬ್ಬನೇ ನಿಂತಿದ್ದ. ಅವನ ಮೂಗು ಸೊರ್ ಸೊರ್ ಅನ್ನುತ್ತಿತ್ತು. "ಗುಬ್ಬಿಗೂಡು ಕಟ್ಟೋಣ್ವಾ?" ಅಂದಳು ಗೌರಿ. ಹನುಮ ಕಾಲು ಚಾಚಿದ. ಗೌರಿ ಅದರ ಮೇಲೆ ಒದ್ದೆ ಮರಳು ಹಾಕಿ ತಟ್ಟಿದಳು. ತಟ್ ತಟ್ ತಟ್. ಹನುಮ ಮೆಲ್ಲಗೆ, ಮೆಲ್ಲಗೆ, ಮೆಲ್ಲಗೆ ಕಾಲು ಎಳೆದುಕೊಂಡ. ಗೂಡು ಬೀಳಲಿಲ್ಲ! ಆಟದ ಗಂಟು ಬಿಚ್ಚಿತು. ಇನ್ನು ಒಂದೇ ಗಂಟು.

ಊಟಕ್ಕೆ ಅನ್ನ, ಸಾರು. ಮೊದಲ ದಿನ ಅಂತ ಪಾಯಸ ಕೂಡ. ಕೈ ತೊಳೆದುಕೊಂಡು ಬಂದು ಗೌರಿ ಮೂರನೇ ಗಂಟು ಹಿಡಿದಳು. ಬರಲಿಲ್ಲ. ನೀರು ಬಿದ್ದು ಬಿಗಿಯಾಗಿತ್ತು. ಎಳೆದಷ್ಟೂ ಬಿಗಿ. ಹನುಮ ಹಲ್ಲಿನಲ್ಲಿ ಕಚ್ಚಿ ಎಳೆದ. ಊಹೂಂ.

ಢಣ ಢಣ ಢಣ! ಬೆಲ್ಲು ಹೊಡೆಯಿತು.

"ಅಯ್ಯೋ, ಗಂಟು ಬಿಚ್ಚಿಲ್ಲ, ಅಮ್ಮ ಬರಲ್ಲ!" ಗೌರಿ ಗೇಟಿನ ಕಡೆ ಓಡಿದಳು. ನೋಡಿದರೆ, ಅಲ್ಲಿ ಅಮ್ಮ!

"ಅಮ್ಮಾ, ಗಂಟು ಬಿಚ್ಚೇ ಇಲ್ಲ!"

"ಊಟ ಆಯ್ತಾ?"

"ಆಯ್ತು."

"ಅದಕ್ಕೇ ಬಂದೆ." ಅಮ್ಮ ಗೌರಿಯನ್ನು ಎತ್ತಿಕೊಂಡಳು. ಉಗುರಿನಲ್ಲಿ ಮೆಲ್ಲಗೆ ಗಂಟು ಬಿಡಿಸಿದಳು. ಗೌರಿ ಅಮ್ಮನ ಕುತ್ತಿಗೆ ಗಟ್ಟಿಯಾಗಿ ಹಿಡಿದುಕೊಂಡಳು.

"ಅಮ್ಮಾ, ನಾಳೆ ಹನುಮನ ಕರ್ಚೀಫಿಗೂ ಗಂಟು ಹಾಕ್ಕೊಡು. ಪಾಪ, ಅವನಿಗೆ ಒಂದೂ ಇಲ್ಲ."

ಇಷ್ಟೇ ಕಥೆ. ಬಿಡದ ಗಂಟನ್ನು ನಾನು ಬೇಕಂತಲೇ ಸೇರಿಸಿದ್ದು. ಕೆಲವು ಮಕ್ಕಳು ಪ್ರಾರ್ಥನೆ ಮುಗಿಯುವುದರೊಳಗೆ ಮೂರೂ ಬಿಚ್ಚಿ ಬಾಗಿಲು ನೋಡುತ್ತಾ ಕೂರುತ್ತಾರೆ, ಕೆಲವರು ಕರ್ಚೀಫನ್ನೇ ಕಳೆದುಕೊಳ್ಳುತ್ತಾರೆ. ಅಮ್ಮ ಬರುವುದು ಊಟ ಆದ ಮೇಲೆ, ಗಂಟು ಏನೇ ಆಗಿರಲಿ ಅನ್ನುವುದು ಅವರ ಕಿವಿಗೆ ಮೊದಲೇ ಬಿದ್ದಿರಬೇಕು.

ಹೇಳುವ ಮುಂಚೆ ನಿಮ್ಮ ಶಾಲೆಯಲ್ಲಿ ಯಾವುದಾದ ಮೇಲೆ ಯಾವುದು ಅಂತ ಕೇಳಿಕೊಳ್ಳಿ. ಹಾಲು ಇಲ್ಲದಿದ್ದರೆ ಟಿಫನ್ ಬಾಕ್ಸಿನ ಗಂಟು ಮಾಡಿ. ಕರೆದುಕೊಂಡು ಬರುವುದು ಅಜ್ಜಿ ಅಥವಾ ವ್ಯಾನ್ ಅಂಕಲ್ ಆದರೆ ಗೇಟಿನಲ್ಲಿ ಅವರೇ ಇರಲಿ. ಸುಮ್ನೆ ಅಮ್ಮ ಅಂತ ಹೇಳಿಬಿಟ್ಟರೆ ಆ ದಿನ ಅಳು ಜಾಸ್ತಿ. ಗೌರಿಯ ಜಾಗದಲ್ಲಿ ಮಗಳ ಹೆಸರು ಹಾಕಬೇಡಿ. ಗೌರಿ ಅತ್ತಳು ಅಂದರೆ ಕುತೂಹಲದಿಂದ ಕೇಳುವ ಮಗು, ನೀನು ಅತ್ತೆ ಅಂದರೆ ಮುಖ ತಿರುಗಿಸುತ್ತದೆ. ನಿಜವಾಗಿಯೂ ಗಂಟು ಹಾಕಿ ಕಳಿಸುವುದಾದರೆ ಸಡಿಲವಾಗಿ ಹಾಕಿ, ಮಿಸ್‌ಗೂ ಒಂದು ಮಾತು ಹೇಳಿ. ಬೇಗ ಬಿಚ್ಚಿಕೊಂಡರೆ ಮತ್ತೆ ಹಾಕಿಕೊಡುತ್ತಾರೆ.