ಪಠ್ಯಪುಸ್ತಕಗಳಲ್ಲಿ ಹೆಣ್ಣು-ಗಂಡಿನ ಸಿದ್ಧಮಾದರಿ ಗುರುತಿಸೋಕೆ 12 ಕೋಡಿಂಗ್ ವಿಭಾಗ ಮಾಡಿಕೊಂಡಿದ್ದೀನಿ. ಸಾಕಾ, ಇನ್ನೂ ಸೇರಿಸಬೇಕಾ?

ಹನ್ನೆರಡೋ ಇಪ್ಪತ್ತೋ, ಅದು ಬಿಡಿ. ಲಿಂಗದ ಕಾಲಮ್‌ನಲ್ಲಿ "ಗೊತ್ತಾಗುವುದಿಲ್ಲ" ಅಂತ ಒಂದು ಇದೆಯಾ? ನನ್ನದರಲ್ಲಿ ಇರಲಿಲ್ಲ.

ದಾವಣಗೆರೆಯಲ್ಲಿ ಎಂ.ಎಡ್. ಮಾಡುವಾಗ ನನ್ನ ಪ್ರಬಂಧವೂ ಇದೇ. ಪ್ರಾಥಮಿಕ ಶಾಲೆಯ ಕನ್ನಡ ಪುಸ್ತಕದಲ್ಲಿ ಬರುವ ಒಬ್ಬೊಬ್ಬರಿಗೂ ಎಕ್ಸೆಲ್‌ನಲ್ಲಿ ಒಂದೊಂದು ಸಾಲು. ಲಿಂಗಕ್ಕೆ ಗಂಡು, ಹೆಣ್ಣು, ಎರಡೇ ಕೋಡ್. "ಬಂದನು", "ಬಂದಳು" ಇದ್ದರೆ ತೊಂದರೆ ಇಲ್ಲ. "ರೈತರು ಹೊಲಕ್ಕೆ ಬಂದರು" ಅಂದರೆ? ಬಹುವಚನಕ್ಕೂ ಗೌರವಕ್ಕೂ ಅದೇ "ರು", ಅದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ನಾನು ಸುಮ್ನೆ ಗಂಡು ಅಂತ ಹಾಕಿಕೊಂಡು ಹೋದೆ. ವೈದ್ಯರು, ಗಂಡು. ಟೀಚರು, ಹೆಣ್ಣು. ಪುಸ್ತಕ ಹೇಳದೇ ಇದ್ದದ್ದನ್ನು ನಾನೇ ತುಂಬಿದ್ದೆ. ತಮಾಷೆ ಅಂದರೆ, ದಿನಾ ಬಸ್ಸಿನ ಕಿಟಕಿಯಿಂದ ಮೆಕ್ಕೆಜೋಳದ ಹೊಲದಲ್ಲಿ ಕಳೆ ಕೀಳುವ ಹೆಂಗಸರನ್ನು ನೋಡಿಕೊಂಡೇ ಓಡಾಡುತ್ತಿದ್ದೆ.

ಚಿತ್ರದುರ್ಗದ ಗೆಳತಿಯೊಬ್ಬಳು 100 ಸಾಲುಗಳನ್ನು ನನ್ನದು ನೋಡದೇ ಕೋಡ್ ಮಾಡಿಕೊಟ್ಟಳು. 82 ತಾಳೆಯಾದವು. ಖುಷಿಯಿಂದ ಹೋದರೆ ಗೈಡ್ ಮೇಡಂ "ಕೊಹೆನ್ ಕಪ್ಪಾ ಹಾಕಿ ನೋಡಮ್ಮ" ಅಂದರು. ಸುಮ್ನೆ ಅದೃಷ್ಟಕ್ಕೆ ತಾಳೆಯಾಗುವುದನ್ನು ಕಳೆದು, ನಿಜವಾಗಿ ಎಷ್ಟು ತಾಳೆಯಾಯಿತು ಅಂತ ಹೇಳುವ ಅಳತೆ ಅದು. ಇಬ್ಬರೂ 87 ಗಂಡು, 13 ಹೆಣ್ಣು ಬರೆದಿದ್ದೆವು. ಗಂಡೇ ಇಷ್ಟು ಜಾಸ್ತಿ ಇದ್ದಾಗ ಕಣ್ಣು ಮುಚ್ಚಿ ಬರೆದರೂ ಸುಮಾರು 77 ತಾಳೆಯಾಗುತ್ತವೆ:

```
(0.82 - 0.77) / (1 - 0.77) ≈ 0.2
```

ಸಾಮಾನ್ಯವಾಗಿ 0.8 ಕೇಳುತ್ತಾರೆ. ತಾಳೆಯಾಗದ 18 ಸಾಲು ತೆಗೆದು ನೋಡಿದರೆ ಬಹುಪಾಲು "ರು" ಸಾಲುಗಳೇ. ಅದಕ್ಕಿಂತ ಕೆಟ್ಟದ್ದು, ಇಬ್ಬರೂ ಒಂದೇ ಥರ ತಪ್ಪು ಊಹೆ ಮಾಡಿದ ಸಾಲುಗಳು. "ರೈತರು" ಅಂದರೆ ಗಂಡು ಅಂತ ಅವಳೂ ಹಾಕಿದ್ದಳು. ಅದನ್ನು ಯಾವ ಕಪ್ಪಾನೂ ಹಿಡಿಯುವುದಿಲ್ಲ.

ಮೂರನೇ ಕೋಡ್ ಸೇರಿಸಿ ಮೊದಲಿಂದ ಶುರು ಮಾಡಿದೆ. ಹೆಸರು, ಕ್ರಿಯಾಪದದ ಕೊನೆ, "ಅಜ್ಜಿ", "ಮಾವ" ಥರದ ಸಂಬಂಧದ ಪದ, ಇವುಗಳಲ್ಲಿ ಒಂದಾದರೂ ಇದ್ದರೆ ಮಾತ್ರ ಗಂಡು ಅಥವಾ ಹೆಣ್ಣು. ಚಿತ್ರಕ್ಕೆ ಬೇರೆ ಕಾಲಮ್. ಪಾಠದಲ್ಲಿ "ರೈತರು" ಅಂತಷ್ಟೇ ಇದ್ದು ಚಿತ್ರದಲ್ಲಿ ಮೀಸೆ ಬಿಡಿಸಿದ್ದರೆ, ಅದನ್ನು ಗಂಡು ಮಾಡಿದ್ದು ಯಾರು ಅಂತ ಆಗ ಗೊತ್ತಾಗುತ್ತದೆ. ನನ್ನ ಪ್ರಬಂಧದಲ್ಲಿ ಓದುವಂಥದ್ದು ಏನಾದರೂ ಇದ್ದರೆ ಆ ಅಧ್ಯಾಯ ಒಂದೇ. ಆದರೆ ಎರಡು ತಿಂಗಳು ಹೋಯಿತು.

ಇನ್ನೊಂದು. "ಸಿದ್ಧಮಾದರಿ: ಹೌದು/ಇಲ್ಲ" ಅನ್ನೋ ಕಾಲಮ್ ಇದ್ದರೆ ಅಳಿಸಿಬಿಡಿ. ಒನಕೆ ಓಬವ್ವನ ಪಾಠಕ್ಕೆ ಏನು ಹಾಕುತ್ತೀರಿ? ಗಂಡ ಊಟಕ್ಕೆ ಕೂತಿದ್ದಾನೆ, ಅವಳು ನೀರಿಗೆ ಹೋಗುತ್ತಾಳೆ. ಕಿಂಡಿಯಲ್ಲಿ ನುಸುಳಿ ಬರುವ ಹೈದರಾಲಿಯ ಸೈನಿಕರನ್ನು ಒಬ್ಬಳೇ ಒನಕೆಯಿಂದ ಹೊಡೆಯುತ್ತಾಳೆ. ನಾನು "ಇಲ್ಲ" ಅಂದೆ, ಗೆಳತಿ "ಹೌದು" ಅಂದಳು, ಇಬ್ಬರದೂ ಸರಿಯೇ. ಕೆಲಸ, ಜಾಗ, ಕೈಯಲ್ಲಿರುವ ವಸ್ತು, ಸಂಬಂಧದಿಂದ ಪರಿಚಯವೋ ಹೆಸರಿನಿಂದಲೋ, ಹೀಗೆ ಕಣ್ಣಿಗೆ ಕಾಣುವುದನ್ನಷ್ಟೇ ಬೇರೆ ಬೇರೆ ಕಾಲಮ್‌ನಲ್ಲಿ ಬರೆಯಿರಿ. ಓಬವ್ವನ ಸಾಲಿನಲ್ಲಿ "ಕಾವಲುಗಾರನ ಹೆಂಡತಿ", "ಒನಕೆ", "ಹೋರಾಟ" ಮೂರೂ ಅಕ್ಕಪಕ್ಕ ಕೂರುತ್ತವೆ. ಸಿದ್ಧಮಾದರಿಯೋ ಅಲ್ಲವೋ ಅನ್ನೋದನ್ನು ಕೊನೆಗೆ, ಸಾಲುಗಳನ್ನೆಲ್ಲ ಎಣಿಸಿದ ಮೇಲೆ ನೋಡಿದರಾಯಿತು.

ನಿಮ್ಮ 12ರಲ್ಲಿ ಎಷ್ಟು ಈಗಾಗಲೇ ತೀರ್ಪು ಕೊಡುತ್ತಿವೆ ನೋಡಿ. ನನ್ನ ಪ್ರಕಾರ ಆರು ಸಾಕು.